ಮಧ್ಯಾಹ್ನದ ಬಿಸಿಲು ಮತ್ತು ಐಗನ್‌ಫೇಸ್: ಅನುಭವ ಇದ್ದವರು ಹೇಳ್ರಿ

ಕಲಬುರಗಿಯಿಂದ ಪ್ರಶ್ನೆ: ಐಗನ್‌ಫೇಸ್ ಬಳಸಿ ಮುಖ ನೋಡಿ ಹೆಸರು ಹೇಳೋ ಪ್ರೋಗ್ರಾಂ ಮಾಡೀನಿ. ಕ್ಲಾಸಿನ 40 ಮಂದಿದು ತಲಾ 5 ಫೋಟೋ ಅವ, 100×100, ಕಪ್ಪು-ಬಿಳುಪು. ಅರ್ಧ ಮಂದಿದು ಮುಂಜಾನೆ ತೆಗೆದದ್ದು, ಅರ್ಧ ಮಂದಿದು ಮಧ್ಯಾಹ್ನ. ಮೊದಲ 40 ಐಗನ್ ವೆಕ್ಟರ್ ಇಟ್ಟೀನಿ, ಅಂದ್ರ ಒಂದೊಂದು ಫೋಟೋಕ್ಕ 40 ಅಂಕಿ. ಮಧ್ಯಾಹ್ನ ಕಿಟಕಿ ಬಿಸಿಲು ಬಿದ್ರ ಒಬ್ಬರ ಹೆಸರು ಇನ್ನೊಬ್ಬರಿಗೆ ಬರ್ತದ. ಏನು ಮಾಡ್ಲಿ? ಫೋಟೋ ಬದಲಿ ಈ 40 ಅಂಕಿ ಇಟ್ರ ಜಾಗ ಉಳೀತದೇನ್ರಿ?

ಯಾದಗಿರಿಯಿಂದ: ವೆಕ್ಟರ್ ಕಮ್ಮಿ ಬಿದ್ದಾವ, 150 ಮಾಡ್ರಿ. ನಾನು 10ರಿಂದ 50ಕ್ಕೆ ಏರಿಸಿದಾಗ ತಪ್ಪು ಭಾಳ ಇಳಿದಿತ್ತು.

ಕಲಬುರಗಿಯಿಂದ ಇನ್ನೊಬ್ಬರು: ನನಗೂ ಫೋಟೋ ಸಣ್ಣದು ಮಾಡೋದೇ ತ್ರಾಸ. ನೌಕರಿ ಅರ್ಜಿಗೆ 50 ಕೆಬಿ ಒಳಗ ಕೇಳ್ತಾರ. ಇದರಿಂದ ಆಗ್ತದೇನ್ರಿ?

ಬೀದರ್‌ನಿಂದ, ಈ ವಿಷಯ ಪಾಠ ಮಾಡುವವರು: ಅರ್ಜಿಗೆ ಜೆಪೆಗ್ ಸಾಕ್ರಿ, ಅದು ಒಂದೇ ಫೋಟೋ ನೋಡಿ ಕುಗ್ಗಿಸ್ತದ. ಇದಕ್ಕ ನೂರಾರು ಮುಖ ಬೇಕು.

ಕೇಳಿದವರಿಗೆ: ಐಗನ್ ವೆಕ್ಟರ್‌ಗೆ ಯಾರು ಯಾರಂತ ಗೊತ್ತಿರೂದಿಲ್ಲ. ಎಲ್ಲಾ ಫೋಟೋಗಳ ನಡುವೆ ಅತಿ ದೊಡ್ಡ ವ್ಯತ್ಯಾಸ ಯಾವುದೋ ಅದನ್ನೇ ಮೊದಲು ಹಿಡೀತದ. ನಿಮ್ಮಲ್ಲಿ ಅದು ಬಿಸಿಲು ಇರಬೇಕು. 1987ರಲ್ಲಿ ಸಿರೋವಿಚ್, ಕಿರ್ಬಿ ಈ ದಾರಿ ತೋರಿಸಿದ್ದು ಮುಖವನ್ನ ಕಮ್ಮಿ ಅಂಕಿಯಲ್ಲಿ ಬರೆಯಲಿಕ್ಕೆ. 1991ರಲ್ಲಿ ಟರ್ಕ್, ಪೆಂಟ್‌ಲ್ಯಾಂಡ್ ಗುರುತು ಹಿಡಿಯಲಿಕ್ಕೆ ಬಳಸಿದರು. ಮುಖ ಮತ್ತೆ ಬಿಡಿಸಲಿಕ್ಕೆ ಬೆಳಕಿನ ವೆಕ್ಟರ್ ಬೇಕೇ ಬೇಕು, ಹೆಸರು ಹೇಳಲಿಕ್ಕೆ ಅದೇ ಅಡ್ಡ ಬರ್ತದ. 150ಕ್ಕೆ ಏರಿಸಿದರೂ ಅದು ಅಲ್ಲೇ ಕೂತಿರ್ತದ.

ಮೊದಲ ನಾಲ್ಕೈದು ವೆಕ್ಟರ್ ಚಿತ್ರ ಮಾಡಿ ನೋಡ್ರಿ. ಒಂದು ಕೆನ್ನೆ ಬೆಳ್ಳಗ, ಇನ್ನೊಂದು ಕರ್ರಗ ಕಂಡ್ರ ಅದು ಬೆಳಕು. ಅದನ್ನಷ್ಟೇ ಬಿಟ್ಟು ಹೋಲಿಸ್ರಿ:

```
m = X.mean(axis=0)
U, S, Vt = np.linalg.svd(X - m, full_matrices=False)
W = (X - m) @ Vt[1:41].T
```

X ಅಂದ್ರ 200 ಸಾಲು, 10000 ಕಾಲಮ್. ಹೀಂಗ ಮಾಡಿದ್ರ 10000×10000 ಕೋವೇರಿಯನ್ಸ್ ಕಟ್ಟೋದೂ ತಪ್ತದ, ಅದೊಂದೇ 800 ಎಂಬಿ ತಿಂತದ.

ಜಾಗದ ಲೆಕ್ಕ: ಒಂದು ಪಿಕ್ಸೆಲ್‌ಗೆ ಒಂದು ಬೈಟ್ ಅಂದ್ರ ನಿಮ್ಮ 200 ಫೋಟೋ 20 ಲಕ್ಷ ಬೈಟ್. ಆದ್ರ ಸರಾಸರಿ ಮುಖ, 40 ವೆಕ್ಟರ್‌ನೂ ಇಡಬೇಕಲ್ರಿ. ಒಟ್ಟು 4,18,000 ಅಂಕಿ, ಒಂದಕ್ಕ 4 ಬೈಟ್: ಸುಮಾರು 16.7 ಲಕ್ಷ. ಉಳಿದದ್ದು ಅಷ್ಟೇ. ಇದೇ ಮಂದಿದು 2000 ಫೋಟೋ ಇದ್ರ 200 ಲಕ್ಷದ್ದು 20 ಲಕ್ಷದೊಳಗ ಬರ್ತದ.

ಯಾದಗಿರಿಯಿಂದ: ಮೊದಲ ಮೂರು ಬಿಡಬೇಕಂತ ಓದೀನಿ. ಮೂರೂ ಬಿಡ್ಲೇನ್ರಿ?

ಬೀದರ್‌ನಿಂದ: ಭಾಳ ಮಂದಿ ಹಾಂಗ ಮಾಡ್ತಾರ. ನೋಡದೇ ಬಿಡಬ್ಯಾಡ್ರಿ. ಎರಡನೇದ್ರಾಗ ಗಡ್ಡ, ಕೂದಲದ ಗೆರೆ ಇದ್ರ ಗುರುತೇ ಹೋಗ್ತದ.

ಪ್ರಶ್ನೆ ಕೇಳಿದವರು: ನೋಡಿದೆ. ಮೊದಲನೇದು ಖರೇನೇ ಎಡಕ್ಕ ಬೆಳಕು, ಬಲಕ್ಕ ಕತ್ತಲು. ತಪ್ಪಾದ 11ರಲ್ಲಿ 9 ಮಂದಿ ಮುಂಜಾನೆ ಫೋಟೋದವರು, ಬಂದ ಹೆಸರು ಮಧ್ಯಾಹ್ನದವರದು. ಅದೊಂದು ಬಿಟ್ಟ ಮ್ಯಾಲ ತಪ್ಪು 4ಕ್ಕ ಇಳೀತು. ನಾಳೆಯಿಂದ ಎಲ್ಲರದೂ ಎರಡೂ ಹೊತ್ತು ತೆಗೀತೀನಿ. ಉಳಿದ 4 ಮಂದಿ ಮುಖ ಸ್ವಲ್ಪ ಹೊರಳಿಸಿ ಕೂತವರು. ಕಣ್ಣು ಒಂದೇ ಜಾಗಕ್ಕ ತಂದು ಕತ್ತರಿಸಿದ್ರೂ ಸರಿ ಆಗಿಲ್ಲ. ಇದಕ್ಕ ಯಾರರ ಏನರ ಮಾಡೀರೇನ್ರಿ?