ರಜೆಯ ಸ್ವಯಂ ಉತ್ತರ: ‘11ರವರೆಗೆ’ ಅಂದರೆ 11ಕ್ಕೆ ಇರ್ತಾರಾ, ಇರಲ್ವಾ?

ವಿ. ಎನ್.:

ಎಲ್ಲರಿಗೂ ನಮಸ್ಕಾರ. ರಜೆಗೆ ಹೋಗುವಾಗ ಇಮೇಲಿನಲ್ಲಿ ತಾನಾಗೇ ಹೋಗುವ ಉತ್ತರ ಇಟ್ಟು ಹೋಗ್ತೀವಲ್ಲ, ಅದನ್ನು ಕನ್ನಡದಲ್ಲಿ ಸರಿಯಾಗಿ ಬರೆಯಬೇಕಿದೆ. ನಮ್ಮಲ್ಲಿ ಈಗ ಓಡಾಡುತ್ತಿರುವುದು ಇದು:

“ನಾನು ಜೂನ್ 11ರವರೆಗೆ ಕಚೇರಿಯಿಂದ ಹೊರಗಿರುತ್ತೇನೆ. ತುರ್ತು ಸಂದರ್ಭದಲ್ಲಿ ನನ್ನ ಸಹೋದ್ಯೋಗಿಯನ್ನು ಸಂಪರ್ಕಿಸತಕ್ಕದ್ದು. ಮರಳಿದ ಕೂಡಲೇ ಉತ್ತರಿಸಲಾಗುವುದು.”

ನನ್ನ ಪ್ರಶ್ನೆ ಎರಡು. ‘11ರವರೆಗೆ’ ಅಂದಾಗ 11 ಸೇರುತ್ತಾ? ನಮ್ಮಲ್ಲೇ ಇಬ್ಬರು ಎರಡು ಥರ ಹೇಳ್ತಾರೆ. ಇನ್ನೊಂದು, ನಾನಿಲ್ಲದಾಗ ಕೆಲಸ ನೋಡಿಕೊಳ್ಳುವವರನ್ನು ಕನ್ನಡದಲ್ಲಿ ಏನಂತ ಕರೆಯೋದು? ‘ಬದಲಿ ಸಂಪರ್ಕ’ ಅಂತ ಬರೆದು ನೋಡಿದೆ, ಯಾಕೋ ಕಿವಿಗೆ ಒಗ್ಗಲಿಲ್ಲ.

ಎಸ್. ಜಿ.:

ಇದರಲ್ಲಿ ಗೊಂದಲವೇ ಇಲ್ಲ. ‘ವರೆಗೆ’ ಅಂದರೆ ಆ ದಿನವೂ ಸೇರಿಯೇ. ಒಂದರಿಂದ ಹತ್ತರವರೆಗೆ ಎಣಿಸು ಅಂದರೆ ಯಾರೂ ಒಂಬತ್ತಕ್ಕೆ ನಿಲ್ಲಿಸೋದಿಲ್ಲ. 30ರವರೆಗೆ ಅರ್ಜಿ ಹಾಕಬಹುದು ಅಂದರೆ 30ಕ್ಕೂ ತಗೋತಾರೆ. ಅನುಮಾನ ಇದ್ದರೆ ‘11ನೇ ತಾರೀಕೂ ಸೇರಿ’ ಅಂತ ಹಾಕಿ, ಮುಗೀತು. ಎರಡನೇದಕ್ಕೆ ‘ಪ್ರಭಾರ’ ಅನ್ನೋ ಪದ ಇದ್ದೇ ಇದೆ: “ನನ್ನ ಪ್ರಭಾರದಲ್ಲಿ ಇಂಥವರು ಇರುತ್ತಾರೆ.”

ಪಿ. ಎಂ.:

ನಮ್ಮ ಮೇಲಿನವರಿಗೆ ನಾನು ಯಾವಾಗಲೂ “ದಯವಿಟ್ಟು ಎರಡು ದಿನದ ರಜೆ ಮಂಜೂರು ಮಾಡಬೇಕಾಗಿ ಕೋರಿಕೆ” ಅಂತಲೇ ಬರೆಯೋದು. ಕಾರಣವನ್ನು ಒಂದೇ ಸಾಲಿನಲ್ಲಿ ಹೇಳಬೇಕು, ಜಾಸ್ತಿ ವಿವರಿಸಿದರೆ ಪ್ರಶ್ನೆ ಜಾಸ್ತಿ ಬರುತ್ತೆ. ನನಗಂತೂ ಇದುವರೆಗೆ ತೊಂದರೆ ಆಗಿಲ್ಲ.

ವಿ. ಎನ್.:

ಪಿ. ಎಂ. ಅವರೇ, ನೀವು ಹೇಳ್ತಿರೋದು ರಜೆ ಅರ್ಜಿ. ನಾನು ಕೇಳಿದ್ದು ರಜೆ ಸಿಕ್ಕ ಮೇಲೆ, ನಮಗೆ ಇಮೇಲ್ ಕಳಿಸಿದವರಿಗೆಲ್ಲ ಹೋಗುವ ಉತ್ತರದ ಬಗ್ಗೆ. ಅದನ್ನು ಓದುವವರು ಹೊರಗಿನವರು, ನಮ್ಮ ಮುಖವನ್ನೂ ನೋಡಿರುವುದಿಲ್ಲ.

ಕೆ. ಆರ್.:

ಎಸ್. ಜಿ. ಸಾರ್, ಎಣಿಕೆಗೆ ನೀವು ಹೇಳಿದ್ದು ಸರಿ. ಆದರೆ ‘ಹತ್ತು ಗಂಟೆಯವರೆಗೆ ಕಾದೆ’ ಅಂದಾಗ ಹತ್ತು ಹೊಡೆದ ಕೂಡಲೇ ಕಾಯೋದು ಮುಗೀತು. ‘ನೀನು ಬರೋವರೆಗೆ ಇರ್ತೀನಿ’ ಅಂದರೂ ಹಾಗೇ, ಬಂದ ಮೇಲೆ ನಾನು ಹೊರಟೆ. ಒಂದು ಕಡೆ ‘ವರೆಗೆ’ ಕೊನೆಯದನ್ನು ಒಳಗೆ ಸೇರಿಸಿಕೊಳ್ಳುತ್ತೆ, ಇನ್ನೊಂದು ಕಡೆ ಬೇಲಿಯಾಗಿ ನಿಲ್ಲುತ್ತೆ. ರಜೆಯ ವಿಷಯದಲ್ಲಿ ಓದುವವರು ಎರಡರಲ್ಲಿ ಯಾವುದನ್ನಾದರೂ ಹಿಡಿಯಬಹುದು, ಅವರದ್ದು ತಪ್ಪಲ್ಲ.

‘11ನೇ ತಾರೀಕೂ ಸೇರಿ’ ಅಂತ ಹಾಕಿದರೆ ಅರ್ಧ ಪರಿಹಾರ ಸಿಕ್ಕಿತು. ಆದರೆ ಆ ಕೊನೆಯ ದಿನ ಶುಕ್ರವಾರ ಆಗಿದ್ದರೆ? ಇವರು ಬರೋದು ಶನಿವಾರವೋ ಸೋಮವಾರವೋ ಅಂತ ಓದುವವರೇ ಲೆಕ್ಕ ಹಾಕಬೇಕು, ಅವರಿಗೆ ನಿಮ್ಮ ವಾರದ ರಜೆ ಯಾವತ್ತು ಅಂತ ಗೊತ್ತಿರುವುದಿಲ್ಲ. ಅದಕ್ಕೇ ರಜೆ ಮುಗಿಯುವ ದಿನವನ್ನು ಹೇಳಲೇಬೇಡಿ, ಬರುವ ದಿನವನ್ನು ಹೇಳಿ: “ಜೂನ್ 12, ಗುರುವಾರ ಕೆಲಸಕ್ಕೆ ಬರುತ್ತೇನೆ.” ತಾರೀಕಿನ ಜೊತೆ ವಾರವೂ ಇದ್ದರೆ ಬರೆಯುವಾಗ ಅಂಕಿ ತಪ್ಪಿದ್ದರೂ ಓದುವವರಿಗೆ ಗೊತ್ತಾಗುತ್ತೆ, ಎರಡೂ ತಾಳೆ ಆಗಲ್ಲ. ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ, 12/06 ಅನ್ನೋದನ್ನು ಡಿಸೆಂಬರ್ 6 ಅಂತ ಓದುವ ದೇಶಗಳಿವೆ. ‘ಮುಂದಿನ ಗುರುವಾರ’ ಅಂತೂ ಬೇಡವೇ ಬೇಡ. ನೀವು ಬರೆದು ಇಟ್ಟು ಹೋದ ದಿನ ಒಂದು, ಅವರು ಓದುವ ದಿನ ಇನ್ನೊಂದು. ಬುಧವಾರ ಓದಿದವರಿಗೆ ‘ಮುಂದಿನ ಗುರುವಾರ’ ಅಂದರೆ ನಾಳೆಯೋ, ಇನ್ನೊಂದು ವಾರ ಬಿಟ್ಟೋ?

‘ಮರಳುತ್ತೇನೆ’ಯಲ್ಲೂ ಸ್ವಲ್ಪ ತೊಡಕಿದೆ. ಊರಿಗೆ ಮರಳೋದು ಬೇರೆ, ಕೆಲಸಕ್ಕೆ ಬರೋದು ಬೇರೆ.

ಎಸ್. ಜಿ.:

ವಾರ ಸೇರಿಸೋದು ಒಪ್ಪಿದೆ. ‘ವರೆಗೆ’ ವಿಷಯದಲ್ಲಿ ನನ್ನ ಮಾತು ಬದಲಾಗಲ್ಲ. ಗಂಟೆ ಒಂದು ಗೆರೆ ಇದ್ದ ಹಾಗೆ, ದಿನಕ್ಕೆ ಉದ್ದ ಇದೆ, ಆದ್ದರಿಂದ ತಾರೀಕಿನ ಮುಂದೆ ಬಂದಾಗ ಅದು ಸೇರಿಯೇ ಸೇರುತ್ತೆ. ‘ಪ್ರಭಾರ’ದ ಬಗ್ಗೆ ಯಾರೂ ಏನೂ ಹೇಳಲಿಲ್ಲ?

ಎಲ್. ಟಿ.:

‘ಪ್ರಭಾರ’ ಅಂದರೆ ಹುದ್ದೆಯನ್ನೇ ವಹಿಸಿಕೊಟ್ಟ ಹಾಗಾಗುತ್ತೆ, ಅದಕ್ಕೆ ಆದೇಶ ಬೇಕು. ನಾಲ್ಕು ದಿನ ಇಮೇಲ್ ನೋಡಿಕೊಳ್ಳುವವರಿಗೆ ಆ ಪದ ಭಾರ ಆಯ್ತು. ‘ಬದಲಿ’ ಅಂದರೆ ಇನ್ನೂ ಕಷ್ಟ, ನೀವು ಕೆಲಸ ಬಿಟ್ಟಿದ್ದೀರಿ ಅಂತ ತಿಳಿಯಬಹುದು. ನನ್ನ ಕೇಳಿದರೆ ಇಲ್ಲಿ ನಾಮಪದವೇ ಬೇಡ. ಹೆಸರು ಹಾಕಿ, ಯಾವ ಕೆಲಸಕ್ಕೆ ಅಂತ ಹೇಳಿ: “ಬಿಲ್ ಬಗ್ಗೆ ಕೇಳಬೇಕಿದ್ದರೆ ಸವಿತಾ ಅವರಿಗೆ ಬರೆಯಿರಿ.” ‘ನನ್ನ ಸಹೋದ್ಯೋಗಿ’ ಅಂದರೆ ಯಾರು? ಓದುವವರು ಅವರನ್ನು ಎಲ್ಲಿ ಹುಡುಕಬೇಕು? ‘ತುರ್ತು’ ಅನ್ನೋದನ್ನೂ ತೆಗೆಯಿರಿ, ಕಳಿಸಿದವರಿಗೆ ಅವರವರ ಕೆಲಸ ತುರ್ತೇ ಅಲ್ವಾ.

ಆಮೇಲೆ ‘ಕಚೇರಿಯಿಂದ ಹೊರಗಿರುತ್ತೇನೆ’ ಓದಿದರೆ ಬಾಗಿಲ ಆಚೆ ನಿಂತಿದ್ದಾರೆ, ಕರೆದರೆ ಬರ್ತಾರೆ ಅನ್ನಿಸುತ್ತೆ. ‘ರಜೆಯಲ್ಲಿದ್ದೇನೆ’ ಸಾಕು.

ಕೆ. ಆರ್.:

ಎಲ್. ಟಿ. ಮೇಡಂ ಹೇಳಿದ್ದಕ್ಕೆ ಇನ್ನೊಂದು ಸೇರಿಸ್ತೀನಿ. ಹೆಸರು ಹಾಕುವ ಮುಂಚೆ ಸವಿತಾ ಅವರನ್ನು ಕೇಳಿ, ಆ ದಿನಗಳಲ್ಲಿ ಅವರು ಇರ್ತಾರಾ ಅಂತಲೂ ನೋಡಿ. ನನಗೊಮ್ಮೆ ಒಬ್ಬರ ಉತ್ತರ ಬಂತು, ಇನ್ನೊಬ್ಬರಿಗೆ ಬರೆಯಿರಿ ಅಂತ. ಬರೆದರೆ ಅವರದ್ದೂ ರಜೆ, ಅವರ ಉತ್ತರದಲ್ಲಿ ಮೊದಲಿನವರ ಹೆಸರು!

ತಾರೀಕಿನ ಗೊಂದಲ ಸೆಟ್ಟಿಂಗಿನಲ್ಲೂ ಆಗುತ್ತೆ. ಜಿಮೇಲಿನಲ್ಲಿ First day, Last day ಅಂತ ಎರಡು ಜಾಗ ಇವೆ. ಉತ್ತರ ಮೊದಲ ದಿನದ ಶುರುವಿನಿಂದ ಹೊರಟು, ಕೊನೇ ದಿನ ರಾತ್ರಿ 11:59ರವರೆಗೂ ಹೋಗ್ತಾ ಇರುತ್ತೆ. ಹಾಗಾಗಿ Last day ಜಾಗದಲ್ಲಿ 11 ಹಾಕಬೇಕು. ಸಂದೇಶದಲ್ಲಿ 12 ಅಂತಿದೆಯಲ್ಲ ಅಂತ ಅಲ್ಲೂ 12 ಹಾಕಿದರೆ, ನೀವು ಕೆಲಸಕ್ಕೆ ಬಂದು ಕೂತ ದಿನವೂ ‘ರಜೆಯಲ್ಲಿದ್ದೇನೆ’ ಅಂತ ಹೋಗುತ್ತೆ. ಇನ್ನೊಂದು, ಒಬ್ಬರೇ ಮತ್ತೆ ಮತ್ತೆ ಬರೆದರೂ ಪ್ರತಿ ಸಲ ಉತ್ತರ ಹೋಗಲ್ಲ, ಸಾಮಾನ್ಯವಾಗಿ ನಾಲ್ಕು ದಿನ ಕಳೆದ ಮೇಲೆ ಬರೆದರೆ ಮಾತ್ರ ಮತ್ತೊಮ್ಮೆ. ಅಂದರೆ ಅವರು ನೋಡುವುದು ಆ ಒಂದೇ ಪ್ರತಿ, ಅದರಲ್ಲೇ ಎಲ್ಲ ಇರಬೇಕು.

ಹೀಗೆ ಮಾಡಬಹುದು:

“ನಮಸ್ಕಾರ. ನಾನು ರಜೆಯಲ್ಲಿದ್ದೇನೆ. ಜೂನ್ 12, ಗುರುವಾರ ಕೆಲಸಕ್ಕೆ ಬರುತ್ತೇನೆ. ಅಲ್ಲಿಯತನಕ ಇಮೇಲ್ ನೋಡುವುದಿಲ್ಲ. ಬಿಲ್ ಅಥವಾ ಪಾವತಿಯ ವಿಷಯ 12ರತನಕ ಕಾಯುವಂತಿಲ್ಲದಿದ್ದರೆ ಸವಿತಾ ಅವರಿಗೆ ಬರೆಯಿರಿ.” ಕೆಳಗೆ ಅವರ ವಿಳಾಸ. ನಿಮ್ಮ ಇಮೇಲನ್ನು ಅವರಿಗೆ ತಾನಾಗೇ ಕಳಿಸೋ ವ್ಯವಸ್ಥೆ ಇಲ್ಲದಿದ್ದರೆ “ಈ ಇಮೇಲ್ ಅವರಿಗೆ ತಲುಪಿಲ್ಲ, ದಯವಿಟ್ಟು ಮತ್ತೆ ಕಳಿಸಿ” ಅಂತಲೂ ಹಾಕಿ. ಇಲ್ಲದಿದ್ದರೆ ಸವಿತಾ ನೋಡ್ಕೋತಾರೆ ಅಂದುಕೊಂಡು ಜನ ಸುಮ್ನೆ ಕಾಯ್ತಾರೆ.

ಎಸ್. ಜಿ.:

‘12ರತನಕ’ ಅಂತ ನೀವೇ ಬರೆದಿರಿ! ಅದರಲ್ಲಿ 12 ಸೇರುತ್ತಾ?

ವಿ. ಎನ್.:

ಆ ಸಾಲಿನಲ್ಲಿ ‘ನಾನು ಬರುವತನಕ’ ಅಂತ ಮಾಡ್ಕೋತೀನಿ. ‘ಕೂಡಲೇ ಉತ್ತರಿಸಲಾಗುವುದು’ ಕೂಡ ಹೋಯ್ತು, ಬಂದ ದಿನ ಎಲ್ಲರಿಗೂ ಉತ್ತರಿಸೋಕೆ ಆಗೋ ಮಾತೇ ಅಲ್ಲ. ಒಂದು ಮಾತ್ರ ಇನ್ನೂ ಬಗೆಹರಿದಿಲ್ಲ. ಹೊರಗಿನ ಅಪರಿಚಿತರಿಗೂ ಸವಿತಾ ಅವರ ವಿಳಾಸ ಹೋಗುತ್ತಲ್ಲ. ಔಟ್‌ಲುಕ್‌ನಲ್ಲಿ ಸಂಸ್ಥೆಯ ಒಳಗಿನವರಿಗೆ ಒಂದು, ಹೊರಗಿನವರಿಗೆ ಒಂದು ಅಂತ ಬೇರೆ ಬೇರೆ ಬರೆಯಬಹುದು. ಹೊರಗಿನದ್ದರಲ್ಲಿ ಹೆಸರು ಬಿಟ್ಟು ವಿಭಾಗದ ವಿಳಾಸ ಮಾತ್ರ ಕೊಟ್ಟರೆ “ಬಿಲ್ ವಿಭಾಗದವರಿಗೆ ಬರೆಯಿರಿ” ಅಂತ ಆಗುತ್ತೆ. ಓದುವವರಿಗೆ ಅಷ್ಟು ಸಾಕಾಗುತ್ತಾ, ಅಥವಾ ಮತ್ತೆ ‘ನನ್ನ ಸಹೋದ್ಯೋಗಿ’ ಥರವೇ ಕೇಳಿಸುತ್ತಾ?