ಬೋರ್ ನೀರು ಹಾಯಿಸಿದ ಕೂಡಲೇ ಆರ್‌ಒ ನೀರಿನ ಟಿಡಿಎಸ್ 90ರಿಂದ 520ಕ್ಕೆ ಏರಿದೆ. ಮೆಂಬ್ರೇನ್ ಹೋಗಿದೆಯೇ?

ಮಂಜುನಾಥ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಗೆ ಎರಡು ನೀರು ಬರುತ್ತದೆ. ನಲ್ಲಿಯ ನೀರು ಅಲ್ಲೀಪುರ ಕೆರೆಯದು, ಅಂದರೆ ತುಂಗಭದ್ರಾ ಕಾಲುವೆಯ ನೀರು. ಅದು ಸಾಲದಿದ್ದಾಗ ಮನೆಯ ಬೋರ್ ಹಾಕುತ್ತೇವೆ. ಎರಡೂ ಒಂದೇ ಸಂಪಿಗೆ ಬಿದ್ದು, ಮೇಲಿನ ಟ್ಯಾಂಕಿಗೆ ಏರಿ, ಅಡುಗೆಮನೆಯ ಆರ್‌ಒ-ಯುವಿ ಯಂತ್ರಕ್ಕೆ ಬರುತ್ತವೆ. ಯಂತ್ರ ಕೂರಿಸಿದ್ದು ಕಳೆದ ಮಳೆಗಾಲದಲ್ಲಿ. ಆಗ ಒಳಗೆ ಹೋಗುವ ನಲ್ಲಿ ನೀರಿನ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಲವಣಗಳ ಪ್ರಮಾಣ, 240 ಇತ್ತು, ಕುಡಿಯುವ ನೀರಿನದು 90. ಈಗ ನಲ್ಲಿ ನೀರು ಎಂಟು ದಿನಕ್ಕೊಮ್ಮೆ ಬರುತ್ತಿರುವುದರಿಂದ ಸಂಪಿನಲ್ಲಿ ಬಹುಪಾಲು ಬೋರ್ ನೀರೇ. ಒಳಗೆ ಹೋಗುವುದು 1450, ಹೊರಗೆ ಬರುವುದು 520. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಮತ್ತೆ ಬಿಳಿ ಪದರ ಕಟ್ಟುತ್ತಿದೆ. ಮೆಕ್ಯಾನಿಕ್ ಬಂದು ಮೀಟರ್ ಅದ್ದಿ ನೋಡಿ, ಉಪ್ಪು ತಡೆಯುವ ಮೆಂಬ್ರೇನ್ ಹೋಗಿದೆ, 2800 ರೂಪಾಯಿ ಆಗುತ್ತದೆ ಎಂದರು. ವರ್ಷವೂ ತುಂಬದ ಮೆಂಬ್ರೇನ್ ಇಷ್ಟು ಬೇಗ ಹೋಗುತ್ತದೆಯೇ? ಮನೆಯಲ್ಲಿ ಆರು ವರ್ಷದ ಮಗಳಿದ್ದಾಳೆ, ಅದಕ್ಕೇ ಹೆಚ್ಚು ಚಿಂತೆ.

ವಿರೂಪಾಕ್ಷಿ, ಹೊಸಪೇಟೆ

ಬೋರಿನ ಗಡಸು ನೀರು ಮೆಂಬ್ರೇನ್ ಆಯಸ್ಸನ್ನು ಇಳಿಸುತ್ತದೆ, ಆದ್ದರಿಂದ ಮೆಕ್ಯಾನಿಕ್ ಹೇಳಿದ್ದು ನಿಜವೇ ಇರಬಹುದು. ಆದರೆ ಗಾಬರಿಯಾಗುವ ಅಗತ್ಯವಿಲ್ಲ. ಕುಡಿಯುವ ನೀರಿಗೆ 500ರವರೆಗೆ ಟಿಡಿಎಸ್ ಇರಬಹುದೆಂದು ಸರ್ಕಾರದ ಮಾನದಂಡವೇ ಹೇಳುತ್ತದೆ. 520ಕ್ಕೂ 500ಕ್ಕೂ ಏನು ದೊಡ್ಡ ವ್ಯತ್ಯಾಸ? ಬೇಸಿಗೆ ಕಳೆಯುವವರೆಗೆ ಹಾಗೆಯೇ ಕುಡಿಯಿರಿ.

ಶಾಂತಾ, ಕುಷ್ಟಗಿ

ನಮ್ಮದೂ ಬೋರ್ ನೀರೇ. ಕರೆಂಟ್ ಬೇಡವೆಂದು ಮೇಲಿಂದ ಸುರಿದು ಕೆಳಗೆ ಇಳಿಸುವ ಫಿಲ್ಟರ್ ತಂದೆವು. ಒಂದು ತಿಂಗಳಿಗೇ ಹನಿ ಹನಿಯಾಗಿ ಇಳಿಯತೊಡಗಿತು. ಕ್ಯಾಂಡಲ್ ಬಿಚ್ಚಿದರೆ ಮೇಲೆಲ್ಲ ಸುಣ್ಣ ಬಳಿದ ಹಾಗೆ ಬಿಳುಪು. ಉಜ್ಜಿ ತೊಳೆದರೆ ಎರಡು ದಿನ ಸರಿ, ಮತ್ತೆ ಅದೇ ಕಥೆ. ಅಣ್ಣ, ನಿಮ್ಮದರಲ್ಲೂ ಕ್ಯಾಂಡಲ್ ಕಟ್ಟಿಕೊಂಡಿರಬೇಕು, ಅದನ್ನು ತೊಳೆದು ನೋಡಿ.

ರಾಘವೇಂದ್ರ, ಗಂಗಾವತಿ

ಮಂಜುನಾಥ ಅವರೇ, ಮೆಂಬ್ರೇನಿಗೆ ಈಗಲೇ ಹಣ ಕೊಡಬೇಡಿ. ಮೆಕ್ಯಾನಿಕ್ ಮೀಟರ್ ಅದ್ದಿದ್ದು ಯಂತ್ರದ ಟ್ಯಾಂಕಿನ ನಲ್ಲಿಯ ನೀರಿಗೆ. ಆ ನೀರು ಬರೀ ಮೆಂಬ್ರೇನಿನಿಂದ ಬಂದದ್ದಲ್ಲ. ಬಹಳಷ್ಟು ಯಂತ್ರಗಳಲ್ಲಿ ಮೆಂಬ್ರೇನಿನೊಳಗೆ ಹೋಗದೆ ಪಕ್ಕದಿಂದ ಹೋಗುವ ಒಂದು ಸಣ್ಣ ಕೊಳವೆ ಇರುತ್ತದೆ. ಅದರ ಮೇಲೆ ತಿರುಗಿಸುವ ಸ್ಕ್ರೂ ಅಥವಾ ಪುಟ್ಟ ಗುಬುಟು. ಟಿಡಿಎಸ್ ಕಂಟ್ರೋಲರ್ ಎಂದು ಕರೆಯುವುದು ಇದನ್ನೇ. ನೀರು ಸಪ್ಪೆಯಾಗದಿರಲಿ ಎಂದು ಸ್ವಲ್ಪ ಮೂಲ ನೀರನ್ನು ಇದರ ಮೂಲಕ ಬೆರೆಸುತ್ತಾರೆ.

ಮೊದಲು ಮೆಂಬ್ರೇನಿನದೇ ನೀರನ್ನು ಅಳೆಯಿರಿ. ಮುಚ್ಚಳ ತೆಗೆದರೆ ಉದ್ದನೆಯ ಬಿಳಿ ಕೊಳಾಯಿಯಂಥದು ಕಾಣುತ್ತದೆ, ಮೆಂಬ್ರೇನ್ ಇರುವುದು ಅದರೊಳಗೆ. ಒಂದು ತುದಿಯಲ್ಲಿ ಒಂದೇ ಕೊಳವೆ, ಅದು ನೀರು ಒಳಗೆ ಹೋಗುವುದು. ಇನ್ನೊಂದು ತುದಿಯಲ್ಲಿ ಎರಡು: ಒಂದು ಸಿಂಕಿಗೆ ಹೋಗುವ ವೇಸ್ಟ್ ನೀರಿನದು, ಇನ್ನೊಂದು ಶುದ್ಧ ನೀರಿನದು. ಯಂತ್ರ ನಿಲ್ಲಿಸಿ, ಶುದ್ಧ ನೀರಿನ ಕೊಳವೆಯ ಬುಡದ ಉಂಗುರವನ್ನು ಉಗುರಿನಿಂದ ಒಳಕ್ಕೆ ಒತ್ತಿ ಹಿಡಿದು ಕೊಳವೆ ಎಳೆಯಿರಿ, ಕಳಚಿ ಬರುತ್ತದೆ. ಆ ಬಾಯಿಗೆ ಒಂದು ತುಂಡು ಕೊಳವೆ ಸಿಕ್ಕಿಸಿ ಲೋಟಕ್ಕೆ ಬಿಟ್ಟು, ಯಂತ್ರ ಓಡಿಸಿ. ಮೊದಲ ಹತ್ತು ನಿಮಿಷದ ನೀರನ್ನು ಅಳೆಯಬೇಡಿ. ಯಂತ್ರ ನಿಂತಿರುವಾಗ ಉಪ್ಪು ಮೆಂಬ್ರೇನಿನ ಆಚೆ ಬದಿಗೆ ನಿಧಾನವಾಗಿ ಜಿನುಗಿರುತ್ತದೆ. ಆ ನೀರು ಅಳೆದರೆ ಒಳ್ಳೆಯ ಮೆಂಬ್ರೇನ್ ಸಹ ಕೆಟ್ಟದ್ದೆಂದು ತೋರುತ್ತದೆ. ಅದನ್ನು ಚೆಲ್ಲಿ, ಆಮೇಲೆ ಬಂದದ್ದನ್ನು ಅಳೆದು ಹೇಳಿ.

ವಿರೂಪಾಕ್ಷಿ ಅವರೇ, 500 ಎಂಬುದು ನಿಜ. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 2000ದವರೆಗೂ ಅದೇ ಮಾನದಂಡ ಒಪ್ಪುತ್ತದೆ. ಆದರೆ ಟಿಡಿಎಸ್ ಮೀಟರ್ ನೀರಿನಲ್ಲಿ ಎಷ್ಟು ಕರಗಿದೆ ಎಂದು ಹೇಳುತ್ತದೆಯೇ ಹೊರತು ಏನು ಕರಗಿದೆ ಎಂದು ಹೇಳುವುದಿಲ್ಲ. ನಮ್ಮ ಕಡೆಯ ಬೋರ್ ನೀರಿನಲ್ಲಿ ಕೇಳಬೇಕಾದದ್ದು ಹೆಚ್ಚಾದರೆ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್. ಶಾಂತಕ್ಕ, ಕುಷ್ಟಗಿ, ಯಲಬುರ್ಗಾ ಕಡೆ ಇದು ಹಳೆಯ ತೊಂದರೆ ಎಂಬುದು ನಿಮಗೆ ಗೊತ್ತಿರುತ್ತದೆ. ಮೇಲಿಂದ ಸುರಿಯುವ ಫಿಲ್ಟರಿಗೆ ಕಟ್ಟಿಕೊಳ್ಳುವುದು ಅರ್ಧ ತೊಂದರೆ ಅಷ್ಟೆ. ಕಟ್ಟಿಕೊಳ್ಳದೆ ಸಲೀಸಾಗಿ ಇಳಿದರೂ ಸಾಮಾನ್ಯ ಕ್ಯಾಂಡಲ್ ಫ್ಲೋರೈಡನ್ನು ಹಿಡಿಯುವುದಿಲ್ಲ. ಯುವಿ ದೀಪವೂ ಹಿಡಿಯುವುದಿಲ್ಲ, ಕುದಿಸಿದರೆ ನೀರು ಆವಿಯಾಗಿ ಅದರ ಸಾಂದ್ರತೆ ಇನ್ನಷ್ಟು ಏರುತ್ತದೆ. ನಿಮ್ಮ ಬೋರಿನ ನೀರನ್ನು ಒಮ್ಮೆ ಪರೀಕ್ಷೆಗೆ ಕೊಡಿ.

ಮಂಜುನಾಥ, ಬಳ್ಳಾರಿ

ಹೇಳಿದಂತೆ ಮಾಡಿದೆ. ಹತ್ತು ನಿಮಿಷ ಬಿಟ್ಟ ನಂತರ ಮೆಂಬ್ರೇನಿನ ನೀರು 95 ತೋರಿಸುತ್ತಿದೆ. ಒಳಗೆ ಹೋಗುವುದು ಅದೇ 1450. ಯಂತ್ರದ ಮೇಲ್ಭಾಗದಲ್ಲಿ ನೀಲಿ ಬಣ್ಣದ ಸಣ್ಣ ಗುಬುಟು ಇದೆ. ಅದನ್ನು ನಾವು ಯಾರೂ ಮುಟ್ಟಿಲ್ಲ. ಬೋರ್ ನೀರನ್ನು ಹಿಂದೆಯೇ ಪ್ರಯೋಗಾಲಯದಲ್ಲಿ ಪರೀಕ್ಷಿಸಿದ್ದ ಚೀಟಿ ಸಿಕ್ಕಿತು: ಫ್ಲೋರೈಡ್ ಲೀಟರಿಗೆ 3.2 ಮಿಲಿಗ್ರಾಂ.

ರಾಘವೇಂದ್ರ, ಗಂಗಾವತಿ

ಹಾಗಾದರೆ ಮೆಂಬ್ರೇನ್ ಚೆನ್ನಾಗಿಯೇ ಇದೆ. 1450 ಹೋಗಿ 95 ಬರುತ್ತಿದೆಯೆಂದರೆ ನೂರಕ್ಕೆ 93ರಷ್ಟು ತಡೆಯುತ್ತಿದೆ. ಮನೆಯ ಮೆಂಬ್ರೇನಿಗೆ ಇದು ಒಳ್ಳೆಯ ಮಟ್ಟವೇ.

520 ಹೇಗೆ ಬಂತೆಂದು ಲೆಕ್ಕ ಹಾಕೋಣ. 95ರ ನೀರಿಗೆ 1450ರ ನೀರು ಎಷ್ಟು ಬೆರೆತರೆ 520 ಆಗುತ್ತದೆ? 520ರಿಂದ 95 ಕಳೆದರೆ 425. 1450ರಿಂದ 95 ಕಳೆದರೆ 1355. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 0.31. ಅಂದರೆ ನಿಮ್ಮ ಕುಡಿಯುವ ನೀರಿನ ನೂರು ಲೀಟರಿನಲ್ಲಿ 31 ಲೀಟರು ಮೆಂಬ್ರೇನನ್ನು ಮುಟ್ಟಿಯೇ ಇಲ್ಲ.

ಇದೇ ಲೆಕ್ಕವನ್ನು ಮಳೆಗಾಲದ ಅಂಕಿಗಳಿಗೂ ಹಾಕಿ ನೋಡಿ. 240ರ ನಲ್ಲಿ ನೀರನ್ನು ಮೆಂಬ್ರೇನ್ ಸುಮಾರು 20ಕ್ಕೆ ಇಳಿಸಿರುತ್ತದೆ. ಅದಕ್ಕೆ 31 ಪಾಲು ನಲ್ಲಿ ನೀರು ಬೆರೆಸಿದರೆ ಸರಿಯಾಗಿ 90ರ ಹತ್ತಿರ ಬರುತ್ತದೆ. ಗುಬುಟು ಅಂದು ಎಲ್ಲಿತ್ತೋ ಇಂದೂ ಅಲ್ಲಿಯೇ ಇದೆ. ಕೂರಿಸಿದವರು ನಲ್ಲಿ ನೀರಿಗೆ ಸರಿಯಾಗಿಯೇ ಹೊಂದಿಸಿದ್ದರು, ಬದಲಾದದ್ದು ಒಳಗೆ ಬರುವ ನೀರು. ಆ ಗುಬುಟು ಟಿಡಿಎಸ್ ಇಷ್ಟೇ ಇರಲಿ ಎಂದು ನಿಲ್ಲಿಸುವುದಿಲ್ಲ, ಇಷ್ಟು ಪಾಲು ನೀರನ್ನು ಪಕ್ಕದಿಂದ ಬಿಡುತ್ತದೆ ಅಷ್ಟೆ. ನಲ್ಲಿ ನೀರಿಗೆ ಅದು ರುಚಿ ಕೊಡುತ್ತಿತ್ತು, ಬೋರ್ ನೀರು ಬಂದಾಗ ಅದೇ ದಾರಿಯಲ್ಲಿ ಫ್ಲೋರೈಡ್ ನುಗ್ಗುತ್ತಿದೆ. ಬೆರೆತ ಪಾಲಿನಿಂದಲೇ ಲೀಟರಿಗೆ 1 ಮಿಲಿಗ್ರಾಂ ಬರುತ್ತದೆ, ಮೆಂಬ್ರೇನ್ ದಾಟಿದ ಅಲ್ಪಸ್ವಲ್ಪ ಬೇರೆ. ಮಾನದಂಡ 1.0 ಎನ್ನುತ್ತದೆ, ಬೇರೆ ನೀರಿಲ್ಲದಿದ್ದರೆ 1.5. ಮಗುವಿನ ಶಾಶ್ವತ ಹಲ್ಲುಗಳು ಒಸಡಿನೊಳಗೆ ಇನ್ನೂ ರೂಪುಗೊಳ್ಳುತ್ತಿರುವ ವಯಸ್ಸು, ಆದ್ದರಿಂದ ಇದನ್ನು ಮುಂದೂಡಬೇಡಿ.

ಗುಬುಟನ್ನು ಪೂರ್ತಿ ಮುಚ್ಚಿ. ಯಂತ್ರದ ಟ್ಯಾಂಕಿನಲ್ಲಿರುವ ಹಳೆಯ ನೀರನ್ನು ಪಾತ್ರೆ ತೊಳೆಯಲು ಬಳಸಿ ಖಾಲಿ ಮಾಡಿ, ಹೊಸದಾಗಿ ತುಂಬಿದ ಮೇಲೆ ಅಳೆಯಿರಿ.

ಮಂಜುನಾಥ, ಬಳ್ಳಾರಿ

ಮುಚ್ಚಿದೆ. ಮೊದಲ ಸಲ ತುಂಬಿದಾಗ 118, ಈಗ 98ಕ್ಕೆ ನಿಂತಿದೆ. ರಾಘವೇಂದ್ರ ಸರ್, ದೊಡ್ಡ ಉಪಕಾರವಾಯಿತು. ಎರಡು ಪ್ರಶ್ನೆ ಉಳಿದಿವೆ. ಟ್ಯಾಂಕ್ ತುಂಬುವುದು ನಿಧಾನವಾಗಿದೆ, ಇದು ಸಹಜವೇ? ನಲ್ಲಿ ನೀರು ಬಂದಾಗ ಗುಬುಟನ್ನು ಮತ್ತೆ ತೆರೆಯಬೇಕೇ? ಚಹಾ ಸಪ್ಪೆಯಾಗಿದೆ ಎಂದು ಅಮ್ಮ ಈಗಾಗಲೇ ಹೇಳುತ್ತಿದ್ದಾರೆ.

ರಾಘವೇಂದ್ರ, ಗಂಗಾವತಿ

ನಿಧಾನವಾಗಲೇಬೇಕು, ಮೊದಲು ಮೂರನೇ ಒಂದು ಪಾಲು ನೀರು ಅಡ್ಡದಾರಿಯಲ್ಲಿ ಬರುತ್ತಿತ್ತಲ್ಲ. ಇನ್ನು ಮುಂದೆ ತಿಂಗಳಿಗೊಮ್ಮೆ ಮೆಂಬ್ರೇನಿನ ನೀರನ್ನು ಮಾತ್ರ ಅಳೆದು ಬರೆದಿಡಿ. ಒಳಗೆ 1450 ಇರುವಾಗಲೇ 95 ಹೋಗಿ 200 ದಾಟಿದರೆ ಆಗ ಮೆಂಬ್ರೇನ್ ಸೋಲುತ್ತಿದೆ ಎಂದು ನಂಬಿ. ಟಿಡಿಎಸ್ ಹಾಗೆಯೇ ಇದ್ದು ನೀರು ಮಾತ್ರ ಕಡಿಮೆಯಾದರೆ ಮೆಂಬ್ರೇನಿಗಿಂತ ಮುಂಚೆ ಬರುವ ಕ್ಯಾಂಡಲನ್ನು ಮೊದಲು ನೋಡಿ.

ಗುಬುಟನ್ನು ತೆರೆದು ಮುಚ್ಚುವ ಅಭ್ಯಾಸ ಬೇಡ. ನಿಮ್ಮ ಸಂಪಿನಲ್ಲಿ ಎರಡೂ ನೀರು ಬೆರೆಯುತ್ತವೆ, ಒಂದು ದಿನ ಮರೆತರೆ ಗೊತ್ತೂ ಆಗುವುದಿಲ್ಲ. ನನಗೆ ಸರಿಯೆನಿಸುವುದು ಬೇರೆ ದಾರಿ: ಕುಡಿಯಲು ಅಡುಗೆಗೆ ಬೇಕಾದ ನಲ್ಲಿ ನೀರನ್ನು ಸಂಪಿಗೆ ಬಿಡದೆ ನೇರವಾಗಿ ಮುಚ್ಚಳವಿರುವ ಬೇರೆ ಡ್ರಮ್ಮಿಗೆ ಹಿಡಿಯಿರಿ. ದಿನಕ್ಕೆ 20 ಲೀಟರಿನಂತೆ ಎಂಟು ದಿನಕ್ಕೆ 160 ಲೀಟರು, ಇನ್ನೂರರ ಒಂದು ಡ್ರಮ್ ಸಾಕು. ಆ ನೀರಿಗೆ ಆರ್‌ಒ ಬೇಕಾಗಿಲ್ಲ, ರೋಗಾಣು ತಡೆದರೆ ಆಯಿತು. ಮೇಲಿಂದ ಸುರಿಯುವ ಒಳ್ಳೆಯ ಫಿಲ್ಟರ್ ಆ ಕೆಲಸ ಮಾಡುತ್ತದೆ. ಅಮ್ಮನ ಚಹಾಕ್ಕೂ ಅದೇ ನೀರು ರುಚಿ. ಡ್ರಮ್ ಖಾಲಿಯಾದ ದಿನ ಆರ್‌ಒ ಇದ್ದೇ ಇದೆ.

ವಿರೂಪಾಕ್ಷಿ, ಹೊಸಪೇಟೆ

ಲೆಕ್ಕ ಒಪ್ಪಿದೆ ಸರ್. ಆದರೆ ಡ್ರಮ್ಮಿನ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಬಿಸಿಲಿಗೆ ಎಂಟು ದಿನ ನಿಂತ ನೀರಿನಲ್ಲಿ ಕ್ಲೋರಿನ್ ಉಳಿಯುವುದಿಲ್ಲ, ಲೋಳೆ ಕಟ್ಟುತ್ತದೆ. ಅದಕ್ಕಿಂತ ಆರ್‌ಒ ನೀರೇ ವಾಸಿ.

ರಾಘವೇಂದ್ರ, ಗಂಗಾವತಿ

ಕ್ಲೋರಿನ್ ಹೋಗುತ್ತದೆ, ನಿಜ. ಅದಕ್ಕೇ ಕೊನೆಯಲ್ಲಿ ಫಿಲ್ಟರ್ ಬೇಕೆಂದದ್ದು. ಡ್ರಮ್ ನೆರಳಿನಲ್ಲಿರಬೇಕು, ಕೈಯದ್ದದೆ ಕೆಳಗಿನ ನಲ್ಲಿಯಿಂದಲೇ ತೆಗೆಯಬೇಕು, ಪ್ರತಿ ಸಲ ತುಂಬುವ ಮುಂಚೆ ಉಜ್ಜಿ ತೊಳೆಯಬೇಕು. ಇಷ್ಟು ಮಾಡಲು ಆಗದ ಮನೆಗೆ ನಿಮ್ಮ ಮಾತೇ ಸರಿ.

ಇಮ್ತಿಯಾಜ್, ರಾಯಚೂರು

ನಮ್ಮಲ್ಲಿ ಬೋರ್ ಇಲ್ಲ, ನಲ್ಲಿ ನೀರು ಮಾತ್ರ, ಟಿಡಿಎಸ್ 260. ಅಂಗಡಿಯವರು ಆರ್‌ಒ ಇಲ್ಲದಿದ್ದರೆ ಆಗುವುದೇ ಇಲ್ಲ ಎನ್ನುತ್ತಾರೆ.

ರಾಘವೇಂದ್ರ, ಗಂಗಾವತಿ

ಇಮ್ತಿಯಾಜ್ ಭಾಯಿ, 260ರ ಹೊಳೆ ನೀರಿಗೆ ಆರ್‌ಒ ಹಾಕಿದರೆ ಒಂದು ಬಿಂದಿಗೆ ಕುಡಿಯಲು ಎರಡು ಮೂರು ಬಿಂದಿಗೆ ಚೆಲ್ಲುತ್ತೀರಿ, ಲಾಭವೇನೂ ಇಲ್ಲ. ಯುವಿ ಸಾಕು. ಆದರೆ ಹೊಸ ನೀರು ಬರುವ ಕಾಲಕ್ಕೆ ಎಚ್ಚರ ಬೇಕು: ನೀರು ಕದಡಿದ್ದರೆ ಮಣ್ಣಿನ ಕಣಗಳ ಮರೆಯಲ್ಲಿ ರೋಗಾಣು ಯುವಿ ಬೆಳಕಿಗೆ ಸಿಗದೆ ದಾಟುತ್ತದೆ. ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ನೋಡಿ, ಮಬ್ಬಾಗಿ ಕಂಡರೆ ಯುವಿಗೆ ಮೊದಲು ಮಣ್ಣು ಹಿಡಿಯುವ ಕ್ಯಾಂಡಲ್ ಇರಲೇಬೇಕು, ಅದನ್ನು ಬೇಗ ಬೇಗ ಬದಲಿಸಬೇಕು. ನಿಮ್ಮಲ್ಲಿ ಕರೆಂಟ್ ಹೆಚ್ಚು ಹೋಗುತ್ತದೆಯೇ? ಹೋಗುವುದಾದರೆ ಮೇಲಿಂದ ಸುರಿಯುವುದನ್ನೇ ನೋಡಿ.

ಶಾಂತಾ, ಕುಷ್ಟಗಿ

ರಾಘವೇಂದ್ರ ಅಣ್ಣ, ನಾಳೆಯೇ ಬೋರ್ ನೀರನ್ನು ಪರೀಕ್ಷೆಗೆ ಕಳಿಸುತ್ತೇನೆ. ಗಾಜಿನ ಬಾಟಲಿಯಲ್ಲಿ ಕಳಿಸಬಹುದೇ?

ರಾಘವೇಂದ್ರ, ಗಂಗಾವತಿ

ಗಾಜು ಬೇಡ ಅಕ್ಕ, ಫ್ಲೋರೈಡ್ ನೋಡಲು ಪ್ಲಾಸ್ಟಿಕ್ ಬಾಟಲಿಯೇ ಸರಿ. ಬೋರ್ ಹಾಕಿ ಹತ್ತು ನಿಮಿಷ ಬಿಟ್ಟು, ಅದೇ ನೀರಿನಿಂದ ಬಾಟಲಿಯನ್ನು ಮೂರು ಸಲ ಕುಲುಕಿ ತೊಳೆದು, ಒಂದು ಲೀಟರು ಹಿಡಿಯಿರಿ. ಫ್ಲೋರೈಡ್ ಜೊತೆಗೆ ನೈಟ್ರೇಟ್ ಸಹ ನೋಡಲು ಹೇಳಿ. ಚೀಟಿ ಬರುವವರೆಗೆ ಹೊಸ ಫಿಲ್ಟರ್ ಯಾವುದನ್ನೂ ಕೊಳ್ಳಬೇಡಿ.