ಟೊಮೆಟೊ ಹಸಿದೋ, ಬೇಯಿಸಿದ್ದೋ? ಡಯಟಿಷಿಯನ್ ಮೇಡಂಗೆ ನಿಮ್ಮ ಪ್ರಶ್ನೆಗಳು

ಹಾಸನದ ಸೊಸೆ: ಮೇಡಂ, ನಮಸ್ಕಾರ. ಟೊಮೆಟೊದ ಲೈಕೋಪೀನ್ ಪ್ರಾಸ್ಟೇಟ್‌ಗೆ ಒಳ್ಳೆಯದು, ಬೇಯಿಸಿದರೆ ಹಾಳಾಗುತ್ತೆ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು. ನಮ್ಮ ಮಾವನವರಿಗೆ 69 ವರ್ಷ. ಎರಡು ತಿಂಗಳಿಂದ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಅರ್ಧ ಕೆಜಿ ಹಸಿ ಟೊಮೆಟೊ ರುಬ್ಬಿ, ಬಟ್ಟೆಯಲ್ಲಿ ಸೋಸಿ ಕುಡಿಯುತ್ತಿದ್ದಾರೆ. ಎಣ್ಣೆ ಪೂರ್ತಿ ಬಿಟ್ಟಿದ್ದಾರೆ. ಬಿಪಿ ಇದೆ. ಮುಂದುವರಿಸಬಹುದಾ?

ಡಯಟಿಷಿಯನ್: ನಮಸ್ಕಾರ. ಬಿಪಿಗೆ ಯಾವ ಮಾತ್ರೆ? ಕಿಡ್ನಿಯ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಕೊನೆಯ ಸಲ ಎಷ್ಟಿತ್ತು? ಇದು ತಿಳಿಯದೆ ಉತ್ತರ ಕೊಡಲ್ಲ.

ಮೈಸೂರು ಮಲ್ಲಿಗೆ: ಶುಗರ್ ಇರುವವರು ಟೊಮೆಟೊ ತಿನ್ನಬಹುದಾ ಮೇಡಂ?

ಡಯಟಿಷಿಯನ್: ತಿನ್ನಬಹುದು.

ಪ್ರಕೃತಿ ಪ್ರಿಯ: ಬೆಂಕಿ ಮುಟ್ಟಿದ ಆಹಾರದಲ್ಲಿ ಜೀವಸತ್ವ ಇರಲ್ಲ. ವಿಟಮಿನ್ ಸಿ ಬಿಸಿಗೆ ಹೋಗುತ್ತೆ, ಇದು ಶಾಲೆ ಮಕ್ಕಳಿಗೂ ಗೊತ್ತು. ಹಸಿ ಜ್ಯೂಸೇ ಸರಿ.

ಡಯಟಿಷಿಯನ್: ವಿಟಮಿನ್ ಸಿ ಬಗ್ಗೆ ನೀವು ಹೇಳಿದ್ದು ನಿಜ. ಲೈಕೋಪೀನ್ ಬಗ್ಗೆ ಅಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 2002ರಲ್ಲಿ ಟೊಮೆಟೊವನ್ನು 88 ಡಿಗ್ರಿಯಲ್ಲಿ ಅರ್ಧ ಗಂಟೆ ಬಿಸಿ ಮಾಡಿ ಅಳೆದರು. ವಿಟಮಿನ್ ಸಿ ಸುಮಾರು 29% ಇಳಿಯಿತು. ಹಣ್ಣಿನಿಂದ ಬಿಡಿಸಿ ಅಳೆಯಲು ಸಿಕ್ಕ ಲೈಕೋಪೀನ್ ಮಾತ್ರ ಎರಡು ಪಟ್ಟಿಗೂ ಜಾಸ್ತಿ ಆಯಿತು. ಬಿಸಿಯಿಂದ ಹೊಸದಾಗಿ ಹುಟ್ಟಿದ್ದಲ್ಲ ಅದು. ಒಳಗೆ ಸಿಕ್ಕಿಹಾಕಿಕೊಂಡಿದ್ದು ಸಡಿಲವಾಗಿ ಹೊರಗೆ ಬಂತು, ಅಷ್ಟೇ. ವಿಟಮಿನ್ ಸಿ ಬೇಕಿದ್ದರೆ ಸಾರು ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಿ.

ಹಾಸನದ ಸೊಸೆ: ಮೇಡಂ, ಮಾತ್ರೆ ಟೆಲ್ಮಿಸಾರ್ಟನ್ 40. ಆರು ತಿಂಗಳ ಹಿಂದೆ ಕ್ರಿಯಾಟಿನಿನ್ 1.6 ಇತ್ತು. ಪ್ರಾಸ್ಟೇಟ್‌ಗೆ ಅಂತ ಮಾಡುವ ರಕ್ತಪರೀಕ್ಷೆ ಪಿಎಸ್‌ಎ ಸ್ವಲ್ಪ ಜಾಸ್ತಿ ಬಂದಿತ್ತು. ಡಾಕ್ಟರು ಮತ್ತೆ ಬನ್ನಿ ಅಂದಿದ್ದರು, ಇವರು ಜ್ಯೂಸ್ ಶುರು ಮಾಡಿಕೊಂಡು ಹೋಗಲೇ ಇಲ್ಲ.

ಡಯಟಿಷಿಯನ್: ನಿಧಾನವಾಗಿ ಓದಿ, ಮನೆಯವರಿಗೂ ಓದಿ ಹೇಳಿ.

ಲೈಕೋಪೀನ್ ಅಂದರೆ ಟೊಮೆಟೊದ ಕೆಂಪು ಬಣ್ಣವೇ. ಅದು ನೀರಿನಲ್ಲಿ ಕರಗಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಹಸಿ ಹಣ್ಣಿನಲ್ಲಿ ಅದು ಗಟ್ಟಿಯಾದ ಸಣ್ಣ ಸಣ್ಣ ಹರಳಾಗಿ ಕೋಶಗಳ ಒಳಗೆ ಇರುತ್ತದೆ. ಸಿಪ್ಪೆಯಲ್ಲಿ ಮತ್ತು ಅದಕ್ಕೆ ಅಂಟಿದ ತಿರುಳಿನಲ್ಲಿ ಜಾಸ್ತಿ. ನಿಮ್ಮ ಮಾವನವರು ಸೋಸಿದ ಮೇಲೆ ಬಟ್ಟೆಯಲ್ಲಿ ಕೆಂಪು ಚರಟ ಉಳಿಯುತ್ತದಲ್ಲ, ಅದನ್ನು ಗಿಡಕ್ಕೆ ಹಾಕುತ್ತೀರೋ ಏನೋ. ಲೈಕೋಪೀನ್‌ನ ದೊಡ್ಡ ಪಾಲು ಅದರ ಜೊತೆಯೇ ಹೋಯಿತು.

ಲೋಟಕ್ಕೆ ಇಳಿದ ಸ್ವಲ್ಪಕ್ಕೂ ಖಾಲಿ ಹೊಟ್ಟೆಯಲ್ಲಿ ಗತಿಯಿಲ್ಲ. ಊಟದಲ್ಲಿ ಕೊಬ್ಬು ಇದ್ದರೆ ಪಿತ್ತರಸ ಚೆನ್ನಾಗಿ ಸುರಿಯುತ್ತದೆ. ಕೊಬ್ಬು ಮತ್ತು ಪಿತ್ತರಸ ಸೇರಿ ಆಗುವ ತೀರಾ ಸಣ್ಣ ಹನಿಗಳೊಳಗೆ ಕೂತರೆ ಮಾತ್ರ ಲೈಕೋಪೀನ್ ಕರುಳಿನ ಗೋಡೆ ದಾಟುತ್ತದೆ. ಇಲ್ಲವಾದರೆ ಬಂದ ದಾರಿಯಲ್ಲೇ ಹೊರಗೆ. ಜರ್ಮನಿಯಲ್ಲಿ ಸ್ಟಾಲ್ ಮತ್ತು ಸೀಸ್ ಎಂಬ ಇಬ್ಬರು 1992ರಲ್ಲಿ ಇದನ್ನೇ ಪರೀಕ್ಷೆ ಮಾಡಿದರು. ಟೊಮೆಟೊ ರಸವನ್ನು ನೂರಕ್ಕೆ ಒಂದು ಪಾಲು ಮೆಕ್ಕೆಜೋಳದೆಣ್ಣೆ ಹಾಕಿ ಒಂದು ಗಂಟೆ ಕುದಿಸಿ ಕೊಟ್ಟಾಗ ರಕ್ತದಲ್ಲಿ ಲೈಕೋಪೀನ್ ಏರಿತು. ಕುದಿಸದ ರಸ ಕೊಟ್ಟಾಗ ಏರಲಿಲ್ಲ.

ಬಿಸಿಯ ಕೆಲಸ ಕೋಶ ಒಡೆಯುವುದಷ್ಟೇ ಅಲ್ಲ. ಹಸಿ ಹಣ್ಣಿನಲ್ಲಿ ಲೈಕೋಪೀನ್ ಅಣು ನೆಟ್ಟಗೆ ಉದ್ದವಾಗಿರುತ್ತದೆ, ಅದಕ್ಕೇ ಒಂದರ ಪಕ್ಕ ಒಂದು ಜೋಡಿಸಿಕೊಂಡು ಹರಳಾಗುತ್ತದೆ. ಎಣ್ಣೆಯ ಜೊತೆ ಬಿಸಿಯಾದಾಗ ಕೆಲವು ಅಣುಗಳು ಬಾಗುತ್ತವೆ. ಬಾಗಿದ್ದು ಹಾಗೆ ಜೋಡಿಸಿಕೊಳ್ಳಲಾರದು, ಕೊಬ್ಬಿನ ಹನಿಯಲ್ಲಿ ಸುಲಭವಾಗಿ ಕರಗುತ್ತದೆ. ನಮ್ಮ ರಕ್ತದಲ್ಲಿ ಸಿಗುವ ಲೈಕೋಪೀನ್‌ನಲ್ಲಿ ಅರ್ಧಕ್ಕೂ ಹೆಚ್ಚು ಈ ಬಾಗಿದ ಜಾತಿಯದೇ.

ಈಗ ನನಗೆ ಭಯವಾಗಿರುವ ವಿಷಯ. ಟೊಮೆಟೊದಲ್ಲಿ ಪೊಟ್ಯಾಸಿಯಂ ಇದೆ, 100 ಗ್ರಾಂಗೆ ಸುಮಾರು 240 ಮಿಲಿಗ್ರಾಂ. ಅರ್ಧ ಕೆಜಿಗೆ 1200 ಆಯಿತು. ಅದು ನೀರಿನಲ್ಲಿ ಕರಗುವಂಥದ್ದು, ಬಟ್ಟೆಯಲ್ಲಿ ನಿಲ್ಲಲ್ಲ, ಎಣ್ಣೆಯ ಹಂಗೂ ಇಲ್ಲ. ಬಹುಪಾಲು ಲೋಟಕ್ಕೆ ಬಂದು ಹಾಗೇ ರಕ್ತಕ್ಕೆ ಹೋಗುತ್ತದೆ. ಕಿಡ್ನಿ ಚೆನ್ನಾಗಿದ್ದರೆ ಹೊರಗೆ ಹಾಕುತ್ತದೆ. ಈ ವಯಸ್ಸಿಗೆ 1.6 ಅಂದರೆ ಚೆನ್ನಾಗಿಲ್ಲ. ಮೇಲಿಂದ ಟೆಲ್ಮಿಸಾರ್ಟನ್ ಪೊಟ್ಯಾಸಿಯಂ ಹೊರಹೋಗುವುದನ್ನು ಕಡಿಮೆ ಮಾಡುತ್ತದೆ. ಅಂದರೆ ಬೇಕಾದದ್ದು ಬಟ್ಟೆಯಲ್ಲಿ ಉಳಿಯುತ್ತಿದೆ, ಬೇಡದ್ದು ಪೂರ್ತಿ ಒಳಗೆ ಹೋಗುತ್ತಿದೆ. ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತ ಏರುಪೇರಾಗಬಹುದು. ಎಷ್ಟೋ ಸಲ ಮೊದಲು ಯಾವ ಸೂಚನೆಯೂ ಕಾಣಲ್ಲ.

ಜ್ಯೂಸ್ ಇವತ್ತಿಗೆ ನಿಲ್ಲಿಸಿ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಇವತ್ತೇ ಪೊಟ್ಯಾಸಿಯಂ, ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ಕಾಲು ಸೋತಂತೆ ಆದರೆ, ಎದೆ ಡವಡವ ಅಂದರೆ ಲ್ಯಾಬ್‌ಗೆ ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಪ್ರಕೃತಿ ಪ್ರಿಯ: ಒಂದು ಟೊಮೆಟೊಗೆ ಇಷ್ಟು ಹೆದರಿಸುವುದಾ? ನಮ್ಮ ತಾತ ತೊಂಬತ್ತರವರೆಗೆ ಹಸಿ ತರಕಾರಿ ತಿಂದರು.

ಡಯಟಿಷಿಯನ್: ಒಂದಲ್ಲ, ಅರ್ಧ ಕೆಜಿ. ನಿಮ್ಮ ತಾತ ಟೆಲ್ಮಿಸಾರ್ಟನ್ ತಗೊಳ್ಳುತ್ತಿದ್ದರಾ?

ಮಂಡ್ಯ ಅಡುಗೆ ಭಟ್ಟ: ಮೇಡಂ, ಗೊಜ್ಜು ಮಾಡುವಾಗ ಎಣ್ಣೆ ಬಿಡುವವರೆಗೆ ಬಾಡಿಸಬೇಕು ಅಂತ ನಮ್ಮಲ್ಲಿ ಹೇಳುತ್ತಾರೆ. ಅಂಚಿನಲ್ಲಿ ಕೆಂಪೆಣ್ಣೆ ತೇಲುತ್ತದೆ. ಆ ಕೆಂಪು ಮೆಣಸಿನಕಾಯಿದಾ, ಟೊಮೆಟೊದಾ?

ಡಯಟಿಷಿಯನ್: ಎರಡರದ್ದೂ. ಖಾರದಪುಡಿ ಹಾಕದೆ ಒಂದು ಸಲ ಮಾಡಿ ನೋಡಿ, ಆಗಲೂ ಎಣ್ಣೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅದು ಎಣ್ಣೆಗೆ ಇಳಿದ ಲೈಕೋಪೀನ್. ಆ ಗೊಜ್ಜನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿಟ್ಟರೆ ಸೋಪಿಗೂ ಹೋಗದ ಕಲೆ ಉಳಿಯುತ್ತದೆ. ಹಸಿ ಟೊಮೆಟೊ ಹೆಚ್ಚಿಟ್ಟ ಡಬ್ಬಿ ತೊಳೆದರೆ ಸ್ವಚ್ಛ. ಬಣ್ಣ ಹಣ್ಣಿನಿಂದ ಹೊರಗೆ ಬಂದಿದೆಯೋ ಇಲ್ಲವೋ ಅಂತ ಅಡುಗೆಮನೆಯಲ್ಲೇ ಗೊತ್ತಾಗುತ್ತದೆ. ತೇಲಿದ ಎಣ್ಣೆಯನ್ನು ಸೌಟಿನಲ್ಲಿ ತೆಗೆದು ಚೆಲ್ಲುವವರು ಅದನ್ನೇ ಚೆಲ್ಲುತ್ತಿದ್ದಾರೆ.

ಮಂಗಳೂರು ಅಜ್ಜಿ: ನಮ್ಮಲ್ಲಿ ಸಾರಿಗೆ ಒಗ್ಗರಣೆ ಕೊನೆಗೇ. ಮೊದಲೇ ಎಣ್ಣೆ ಹಾಕಿ ಬಾಡಿಸಿದರೆ ಅದು ಸಾರಲ್ಲ, ಗ್ರೇವಿ.

ಮಂಡ್ಯ ಅಡುಗೆ ಭಟ್ಟ: ಅಜ್ಜಿ, ಕೊನೆಗೆ ಹಾಕಿದ ಎಣ್ಣೆ ಮೇಲೆ ತೇಲುತ್ತೆ ಅಷ್ಟೇ. ಟೊಮೆಟೊ ಜೊತೆ ಕುದ್ದರೆ ತಾನೇ ಲಾಭ?

ಮಂಗಳೂರು ಅಜ್ಜಿ: ಲಾಭ ನಷ್ಟ ನೋಡಲು ಇದು ಅಂಗಡಿ ಅಲ್ಲ ಮಗಾ. ತೆಂಗಿನೆಣ್ಣೆ ಒಗ್ಗರಣೆಯ ಪರಿಮಳ ಕುದಿಸಿದರೆ ಉಳಿಯುತ್ತಾ?

ಮಂಡ್ಯ ಅಡುಗೆ ಭಟ್ಟ: ಪರಿಮಳದ ಮಾತು ಯಾರು ಎತ್ತಿದರು ಈಗ?

ಡಯಟಿಷಿಯನ್: ಇಬ್ಬರೂ ಉಣ್ಣಿ. ಮೊದಲೇ ಹಾಕಿದರೆ ಬಿಸಿಯೂ ಎಣ್ಣೆಯೂ ಒಟ್ಟಿಗೆ ಕೆಲಸ ಮಾಡುತ್ತವೆ, ಸ್ವಲ್ಪ ಮೇಲು. ಕೊನೆಗೆ ಹಾಕಿದರೂ ಎಣ್ಣೆ ಹೊಟ್ಟೆಗೆ ಅದೇ ಊಟದಲ್ಲಿ ಹೋಗುತ್ತದೆ, ಅದೂ ಲೆಕ್ಕಕ್ಕೆ ಬರುತ್ತದೆ. ಒಬ್ಬರ ಪಾಲಿಗೆ ಒಂದು ಟೀ ಚಮಚ ಸಾಕು. ಎರಡು ಸೌಟು ಸುರಿಯಲು ಇದನ್ನು ನೆಪ ಮಾಡಬೇಡಿ.

ಗಾಣದೆಣ್ಣೆ ಬಳಗ: ಗಾಣದ ಎಣ್ಣೆ ಮಾತ್ರ ಕೆಲಸ ಮಾಡೋದು. ರಿಫೈಂಡ್ ವಿಷ. ಮೇಡಂ ಇದನ್ನು ಯಾಕೆ ಹೇಳಲಿಲ್ಲ?

ಡಯಟಿಷಿಯನ್: ಹೇಳಲಿಲ್ಲ, ಯಾಕೆಂದರೆ ನಿಜವಲ್ಲ. ಮೇಲೆ ಹೇಳಿದ ಪ್ರಯೋಗದಲ್ಲಿ ಬಳಸಿದ್ದು ಮೆಕ್ಕೆಜೋಳದೆಣ್ಣೆ. ಬೇರೆಯವರು ಆಲಿವ್ ಎಣ್ಣೆಯಲ್ಲಿ ಮಾಡಿದ್ದಾರೆ. ಬೆಣ್ಣೆಹಣ್ಣಿನ ಜೊತೆ ತಿಂದರೂ ಏರುತ್ತದೆ. ಗಾಣದೆಣ್ಣೆ ನಿಮ್ಮಿಷ್ಟ, ಬಳಸಿ. ಇಲ್ಲಿ ಮಾರಾಟದ ಪೋಸ್ಟ್ ಹಾಕಬೇಡಿ.

ಕೋಲಾರದ ಬೆಳೆಗಾರ: ಬೇಸಿಗೆ ಹಣ್ಣು ನಮ್ಮಲ್ಲಿ ತೊಟ್ಟಿನ ಸುತ್ತಲ ಹೆಗಲು ಹಳದಿಯಾಗೇ ಉಳಿಯುತ್ತೆ, ಮಂಡಿಯಲ್ಲಿ ರೇಟ್ ಬೀಳುತ್ತೆ. ಎಷ್ಟು ದಿನ ಬಿಟ್ಟರೂ ಪೂರ್ತಿ ಕೆಂಪಾಗಲ್ಲ. ಗೊಬ್ಬರದ ತಪ್ಪಾ?

ಡಯಟಿಷಿಯನ್: ಬೆಳೆ ನನ್ನ ಕ್ಷೇತ್ರ ಅಲ್ಲ, ಆದರೆ ಬಣ್ಣದ ಬಗ್ಗೆ ಇಷ್ಟು ಹೇಳಬಲ್ಲೆ. ಹಣ್ಣಾಗುವಾಗ ಬಿಸಿ 30 ಡಿಗ್ರಿ ದಾಟಿ ನಿಂತರೆ ಗಿಡ ಲೈಕೋಪೀನ್ ಮಾಡುವುದು ತಗ್ಗಿಹೋಗುತ್ತದೆ. ಹಳದಿ ಬಣ್ಣ ಉಳಿಯುತ್ತದೆ. ಬಿಸಿಲು ನೇರ ಬೀಳುವ ಹೆಗಲಿನಲ್ಲಿ ಮೊದಲು ಕಾಣುತ್ತದೆ. ಅಂಥ ಹಣ್ಣನ್ನು ಎಷ್ಟು ಬೇಯಿಸಿದರೂ ಇಲ್ಲದ್ದು ಬರಲ್ಲ. ಗೊಬ್ಬರದ ವಿಷಯ ತೋಟಗಾರಿಕೆಯವರನ್ನು ಕೇಳಿ.

ಕೋಲಾರದ ಬೆಳೆಗಾರ: ಕೇಳಿದೆ. ಎಲೆ ಜಾಸ್ತಿ ಕೀಳಬೇಡಿ, ನೆರಳು ಇರಲಿ ಅಂದರು. ಕೀಳದಿದ್ದರೆ ರೋಗ. ಏನು ಮಾಡೋದು ಹೇಳಿ.

ನಿವೃತ್ತ ಮೇಷ್ಟ್ರು: ಲೈಕೋಪೀನ್ ಮಾತ್ರೆ ತಗೊಂಡರೆ ಈ ಎಣ್ಣೆ, ಒಲೆ ರಗಳೆಯೇ ಇಲ್ಲ ಅಲ್ವಾ? ಕ್ಯಾನ್ಸರ್ ಬರಲ್ಲ ಅಂತ ಡಬ್ಬಿ ಮೇಲೇ ಬರೆದಿದೆ.

ಡಯಟಿಷಿಯನ್: ಬರೆಯುವುದು ಸುಲಭ. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲಿ ಇದನ್ನೆಲ್ಲ ಪರಿಶೀಲಿಸಿ, ಲೈಕೋಪೀನ್ ಒಂದೇ ಕ್ಯಾನ್ಸರ್ ತಡೆಯುತ್ತದೆ ಎನ್ನಲು ನಂಬುವಂಥ ಪುರಾವೆ ಇಲ್ಲ ಎಂದಿತು. ಟೊಮೆಟೊ ಸಾಸ್ ಜಾಸ್ತಿ ತಿನ್ನುವ ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಕಡಿಮೆ ಕಂಡಿತು ಅನ್ನುವ ಅಧ್ಯಯನ ಇದೆ. ಅವರು ಬೇರೆ ಏನೇನು ತಿಂದರು, ಹೇಗೆ ಬದುಕಿದರು ಎಂಬುದನ್ನು ಪೂರ್ತಿ ಬಿಡಿಸಿ ನೋಡಲು ಆಗಲ್ಲ. ಪಿಎಸ್‌ಎ ಏರಿದವರಿಗೆ ಟೊಮೆಟೊ ಔಷಧಿ ಅಲ್ಲ, ಯಾವ ರೂಪದಲ್ಲೂ ಅಲ್ಲ.

ಬೆಳ್ಳಿ ಬೆಟ್ಟ: ಪಿತ್ತಕೋಶ ತೆಗೆಸಿದವರಿಗೆ ಲೈಕೋಪೀನ್ ಹತ್ತುತ್ತಾ ಮೇಡಂ?

ತುಮಕೂರು ಗೆಳೆಯ: ಟೊಮೆಟೊ ಬೀಜದಿಂದ ಕಿಡ್ನಿಯಲ್ಲಿ ಕಲ್ಲು ಆಗುತ್ತಾ?

ಡಯಟಿಷಿಯನ್: ಬೀಜ ಕಲ್ಲಾಗಲ್ಲ.

ದಾವಣಗೆರೆ ಬೆಣ್ಣೆ: ಶುಗರ್ ಇದ್ದವರು ತಿನ್ನಬಹುದಾ?

ಡಯಟಿಷಿಯನ್: ಮೇಲೆ ಓದಿ.

ಪ್ರಕೃತಿ ಪ್ರಿಯ: ಫಾರ್ವರ್ಡ್ ಆಗಿ ಬಂದಿದ್ದು: "ಖಾಲಿ ಹೊಟ್ಟೆಗೆ ಹಸಿ ಟೊಮೆಟೊ ರಸ, 21 ದಿನದಲ್ಲಿ ಪ್ರಾಸ್ಟೇಟ್ ಮಾಯ. ಹತ್ತು ಜನಕ್ಕೆ ಕಳಿಸಿ."

ಡಯಟಿಷಿಯನ್: ಇಷ್ಟೆಲ್ಲ ಬರೆದ ಮೇಲೂ ಅದನ್ನೇ ಇಲ್ಲಿ ಹಾಕುತ್ತೀರಲ್ಲ. ಆ ಮನೆಯವರು ಹಾಳಾಗಲಿ ಅಂತಲಾ? ಅಡ್ಮಿನ್, ದಯವಿಟ್ಟು ತೆಗೆಯಿರಿ.

ಪ್ರಕೃತಿ ಪ್ರಿಯ: ಎರಡೂ ಪಕ್ಷ ಜನ ತಿಳಿಯಲಿ ಅಂತ ಹಾಕಿದೆ. ಇದೇನು ಆಸ್ಪತ್ರೆಯಾ?

ನಿವೃತ್ತ ಮೇಷ್ಟ್ರು: ಪ್ರಾಸ್ಟೇಟ್ ಮಾಯ ಆದರೆ ಅದೂ ಕಷ್ಟವೇ.

ಹಾಸನದ ಸೊಸೆ: ಮೇಡಂ, ರಿಪೋರ್ಟ್ ಬಂತು. ಪೊಟ್ಯಾಸಿಯಂ 5.9. ಕ್ರಿಯಾಟಿನಿನ್ 1.8. ಮಾವನವರು ಆರಾಮಾಗಿ ಪೇಪರ್ ಓದುತ್ತಾ ಕೂತಿದ್ದಾರೆ, ನಾಳೆ ಹೋಗೋಣ ಅನ್ನುತ್ತಿದ್ದಾರೆ.

ಡಯಟಿಷಿಯನ್: ನಾಳೆ ಬೇಡ, ಈಗಲೇ. 5ರ ಒಳಗೆ ಇರಬೇಕಾದದ್ದು. ಇಸಿಜಿ ಇರುವ ಆಸ್ಪತ್ರೆಗೇ ಕರೆದುಕೊಂಡು ಹೋಗಿ. ರಿಪೋರ್ಟ್ ತೋರಿಸಿ, ಟೆಲ್ಮಿಸಾರ್ಟನ್ ಹೆಸರು ಹೇಳಿ, ಜ್ಯೂಸ್ ಕುಡಿದದ್ದನ್ನೂ ಮುಚ್ಚಿಡದೆ ಹೇಳಿ. ಮಾತ್ರೆ ಇರಬೇಕಾ, ಬದಲಿಸಬೇಕಾ ಅಂತ ಅವರೇ ತೀರ್ಮಾನ ಮಾಡಲಿ. ದಾರಿಯಲ್ಲಿ ಎಳನೀರು ಕುಡಿಸಬೇಡಿ, ಅದರಲ್ಲೂ ಪೊಟ್ಯಾಸಿಯಂ ಇದೆ. ಪಿಎಸ್‌ಎ ವಿಷಯ ಇದು ಇಳಿದ ಮೇಲೆ, ಆದರೆ ಮರೆಯಬೇಡಿ.

ಹಾಸನದ ಸೊಸೆ: ಆಟೋ ಹತ್ತಿದೆವು. ಇನ್ನು ಮೇಲೆ ಅವರಿಗೆ ಟೊಮೆಟೊ ಸಾರು ಪೂರ್ತಿ ನಿಲ್ಲಿಸಬೇಕಾ?

ಡಯಟಿಷಿಯನ್: ಪೊಟ್ಯಾಸಿಯಂ ಇಳಿಯುವವರೆಗೆ ಬೇಡ. ಬೇಯಿಸಿದರೂ ಅದು ಸಾರಿನ ನೀರಿನಲ್ಲೇ ಇರುತ್ತದೆ. ಆಮೇಲೆ ಡಾಕ್ಟರು ಒಪ್ಪಿದರೆ ದಿನಕ್ಕೆ ಒಂದು ಸಣ್ಣ ಹಣ್ಣು, ಸೋಸದೆ, ಎಣ್ಣೆಯಲ್ಲಿ ಬಾಡಿಸಿ ಪಲ್ಯಕ್ಕೆ ಹಾಕಿ.

ದಾವಣಗೆರೆ ಬೆಣ್ಣೆ: ಕೆಚಪ್ ನಡೆಯುತ್ತಾ ಮೇಡಂ?